ಬೇವಿನ ಮರದ ತನಕ ಓಡಿ ಬಂದವಳು

ಮಲಕಾರಿ ತೀರಿಕೊಂಡ ಮೇಲೆ ಅವನ ಫೋನನ್ನು ತಮ್ಮ ಮಾಳು ಹಾರೂಗೇರಿಗೆ, ಉಜ್ವಲಾಳ ಸ್ಟುಡಿಯೊಗೆ ತಂದ. ಫೋನಿನ ಗಾಜಿನ ಮೇಲೆ ಇನ್ನೂ ಭಂಡಾರದ ಅರಿಸಿನಪುಡಿ ಅಂಟಿಕೊಂಡಿತ್ತು. ಅದನ್ನು ಒರೆಸಲು ಮಾಳುವಿಗೆ ಮನಸ್ಸಾಗಿರಲಿಲ್ಲ.

ಉಜ್ವಲಾಳಿಗೆ ಈ ಅಣ್ಣತಮ್ಮಂದಿರು ಹೊಸಬರಲ್ಲ. ಚಿಂಚಲಿಯ ಹತ್ತಿರದ ತೋಟದ ಮನೆಯ ಇವರ ಡೊಳ್ಳಿನ ಮೇಳದ ಹಾಡುಗಳನ್ನೆಲ್ಲ ಚಿತ್ರೀಕರಿಸಿ, ಕತ್ತರಿಸಿ ಜೋಡಿಸಿ, ಮೇಳದ ಚಾನೆಲ್ಲಿಗೆ ಏರಿಸುತ್ತಿದ್ದವಳು ಅವಳೇ. ಮಲಕಾರಿ ಹಾಡುವಾಗ ಕಣ್ಣು ಮುಚ್ಚುತ್ತಿದ್ದ. ‘ಕಣ್ ತೆಗೀರಿ ಅಣ್ಣಾರ, ನೋಡಾವ್ರಿಗೆ ನಿಮ್ಮ ಕಣ್ಣು ಕಾಣಬೇಕು’ ಎಂದು ಅವಳು ಕ್ಯಾಮೆರಾದ ಹಿಂದಿನಿಂದ ಎಷ್ಟೋ ಸಲ ಕೂಗಿದ್ದಳು. ಈಗ ಆ ಕಣ್ಣು ಮುಚ್ಚಿಯೇ ಹೋಗಿತ್ತು. ಕಬ್ಬಿಗೆ ನೀರು ಹಾಯಿಸಲು ಹೋದವನಿಗೆ ಹಾವು ಕಚ್ಚಿತ್ತು.

“ಅಕ್ಕಾರ, ಇದರಾಗ ಅಣ್ಣನ ಕಡೀ ಹಾಡು ಐತಿ” ಎಂದ ಮಾಳು. “ಹೊಸಾ ಪದ ಕಟ್ಟಿದ್ದ. ನಮ್ಮ ಅಂಗಳದಾಗ ಒಂದ ಸಲ ಹಾಡಿ ನೋಡೋಣು ಅಂತ ಎಲ್ಲಾರ್ನೂ ಕರಿಸಿದ್ದ. ತನ್ನ ಫೋನ್ ತಾನ ಸ್ಟ್ಯಾಂಡಿಗೆ ಹಚ್ಚಿ ಇಟ್ಟಿದ್ದ. ಹದಿಮೂರರ ದಿವಸಕ್ಕ ಇದನ್ನ ಹಾಕಬೇಕರಿ.”

ಅದು ಸಂಜೆಯ ವಿಡಿಯೊ. ಮೊದಲು ಒಳ್ಳೆಯ ಬೆಳಕಿತ್ತು, ಹಾಡು ಮುಂದುವರಿದಂತೆ ಕತ್ತಲು ಇಳಿದಿತ್ತು. ಮಲಕಾರಿ ನಡುವೆ ನಿಂತಿದ್ದ, ಪಕ್ಕದಲ್ಲಿ ಮಾಳು, ಅಂಚಿನಲ್ಲಿ ಡೊಳ್ಳು ಕಟ್ಟಿಕೊಂಡ ವಿಶ್ವಾಸ. ಹಿಂದೆ ದನದ ಕೊಟ್ಟಿಗೆ, ಅದರ ಪಕ್ಕ ಬೇವಿನ ಮರ, ಮರದಾಚೆ ಕಬ್ಬು. ಉಜ್ವಲಾ ಹಾಡಿನ ಮೊದಲ ಸಾಲು ಕೇಳಿದಳು, ಧ್ವನಿ ನಿಲ್ಲಿಸಿ ಕೆಲಸ ಮುಂದುವರಿಸಿದಳು. ಪೂರ್ತಿ ಕೂತು ನೋಡುವ ಶಕ್ತಿ ಅವಳಿಗಿರಲಿಲ್ಲ. ಆರಂಭಕ್ಕೆ ಹೆಸರು ಹಾಕಿದಳು, ಕೊನೆಗೆ ಫೋಟೊ ಹಾಕಿದಳು, ಮೇಳದ ಹಾಡುಗಳಿಗೆಂದು ಮೊದಲೇ ಮಾಡಿಟ್ಟಿದ್ದ ಸೆಟ್ಟಿಂಗನ್ನೇ ಒತ್ತಿದಳು. ಸೆಕೆಂಡಿಗೆ ಅರವತ್ತು ಫ್ರೇಮು. ಕುಣಿತ ನುಣುಪಾಗಿ ಕಾಣಲೆಂದು ಫ್ರೇಮುಗಳನ್ನು ಒಂದರೊಳಗೊಂದು ಬೆರೆಸುವ ಆಯ್ಕೆ. ಫೈಲು ಚಿಕ್ಕದಾಗಿ ಬೇಗ ಏರಲೆಂದು ಎಚ್.265 ಸಂಕೋಚನ, ಅದರ ಮೇಲೆ ಬಿಟ್‌ರೇಟೂ ತೀರಾ ಕಡಿಮೆ. ಸ್ಟುಡಿಯೊದ ಇಂಟರ್ನೆಟ್ ಆ ವಾರ ಕುಂಟುತ್ತಿತ್ತು.

ಚಾನೆಲ್ಲಿಗೆ ಏರಿಸುವ ಮೊದಲು ಅದೇ ಫೈಲನ್ನು ಮಾಳುವಿಗೂ ಕಳಿಸಿದಳು. ಸ್ವಲ್ಪ ಹೊತ್ತಿಗೇ ಅವನ ಫೋನು ಬಂತು.

“ಅಕ್ಕಾರ, ಅವ್ವನ ಫೋನಿನ್ಯಾಗ ಬರೇ ಕತ್ತಲ ಐತ್ರಿ. ದನಿ ಬರತೈತಿ, ಅಣ್ಣ ಕಾಣವಲ್ಲ. ಅವ್ವ ಫೋನ್ ಕಿವಿಗೆ ಹಿಡ್ಕೊಂಡು ಕುಂತಾಳ, ‘ಮಲಕಾರಿ, ಎಲ್ಲಿ ಅದಿಯಪಾ, ದೀಪ ಹಚ್ಚ’ ಅನ್ನಾಕತ್ತಾಳ.”

ಅದು ಅವಳಿಗೆ ಗೊತ್ತಿದ್ದ ತೊಂದರೆಯೇ. ಎಂಪಿಫೋರ್ ಎನ್ನುವುದು ಬರೀ ಡಬ್ಬಿ. ಒಳಗೆ ಚಿತ್ರವನ್ನು ಯಾವ ರೀತಿ ಮಡಚಿಟ್ಟಿದೆ ಎನ್ನುವುದು ಬೇರೆ ಮಾತು. ಎಚ್.265ರ ಮಡಿಕೆಯನ್ನು ಬಿಡಿಸಲು ಮಾಳುವಿನ ತಾಯಿ ರಾಮವ್ವನ ಹಳೆಯ ಫೋನಿಗೆ ಬರುವುದಿಲ್ಲ, ಧ್ವನಿಯನ್ನಷ್ಟೇ ಬಿಡಿಸುತ್ತದೆ. ಚಾನೆಲ್ಲಿಗೆ ಏರಿಸಿದರೆ ಅಲ್ಲಿಯವರು ತಮ್ಮ ಕಡೆಯಿಂದ ಮತ್ತೆ ಸಂಕೋಚಿಸಿ ಎಲ್ಲ ಫೋನಿಗೂ ಒಗ್ಗುವಂತೆ ಮಾಡುತ್ತಾರೆ. “ಚಾನೆಲ್ ಮ್ಯಾಲೆ ಹಾಕತೀನಿ, ಅಲ್ಲಿ ಕಾಣತೈತಿ ಅಂತ ಹೇಳ್ ಅವ್ವಗ” ಎಂದಳು. ಆದರೆ ಕತ್ತಲೆಯ ಪರದೆಗೆ ದೀಪ ಹಚ್ಚು ಎಂದ ಆ ಮಾತು ಅವಳನ್ನು ಇಡೀ ದಿನ ಬಿಡಲಿಲ್ಲ.

ಹದಿಮೂರರ ದಿನ ವಿಡಿಯೊ ಏರಿತು. ಮೂರನೆಯ ದಿನ ಬೆಳಿಗ್ಗೆ ಅದರ ಕೆಳಗೆ ಜನ ಬರೆದಿದ್ದನ್ನು ಓದಿ ಉಜ್ವಲಾ ಚಹಾದ ಲೋಟ ಕೆಳಗಿಟ್ಟಳು.

‘ಮಲಕಾರಿ ಅಣ್ಣನ ಹಿಂದ ಯಾರು ಓಡಿ ಬಂದ್ರು ನೋಡ್ರಿ.’ ‘ಕಾಲಿಲ್ಲ, ಸರಿಯಾಗಿ ನೋಡ್ರಿ.’ ‘ಮರದಾಗ ಹೋಗಿ ಕರಗಿದ್ಲು.’ ಅಥಣಿಯವನೊಬ್ಬ ಬರೆದಿದ್ದ: ‘ಸಾವು ಕರಿಯಾಕ ಬಂದೈತಿ.’

ಅವಳು ಈಗ ಮೊದಲ ಸಲ ಪೂರ್ತಿ ನೋಡಿದಳು. ಹಾಡು ಅರ್ಧ ದಾಟಿ ಕತ್ತಲು ಕವಿಯುತ್ತಿದ್ದಾಗ, ಕಬ್ಬಿನ ಕಡೆಯಿಂದ ಒಂದು ಹೆಣ್ಣಾಕೃತಿ ಓಡಿ ಬಂತು. ಮೈಯೊಳಗಿಂದ ಹಿಂದಿನ ಕಬ್ಬು ಕಾಣುತ್ತಿತ್ತು. ಒಂದು ಹೆಜ್ಜೆಗೆ ಒಬ್ಬಳಿದ್ದಳು, ಮರು ಹೆಜ್ಜೆಗೆ ಇಬ್ಬರಾದಳು, ಒಬ್ಬಳಿಂದ ಇನ್ನೊಬ್ಬಳು ಹೊರಗೆ ಬಂದಂತೆ. ಸೊಂಟದ ಕೆಳಗೆ ಏನೂ ಇರಲಿಲ್ಲ, ಬರೀ ಕಪ್ಪು. ಬೇವಿನ ಮರದ ತನಕ ಬಂದು ಆಕೃತಿ ಕತ್ತಲೆಯೊಳಗೆ ಇಲ್ಲವಾಯಿತು. ಅದೇ ಹೊತ್ತಿಗೆ ಮಲಕಾರಿ ಕಣ್ಣು ತೆರೆದು ಅತ್ತ ತಿರುಗಿದ, ಹಾಡಿದ ಸಾಲನ್ನೇ ಮತ್ತೆ ಹಾಡಿದ.

ಹೊರಗೆ ಬಸ್‌ಸ್ಟ್ಯಾಂಡಿನ ಗದ್ದಲವಿತ್ತು, ಬಿಸಿಲಿತ್ತು, ಆದರೂ ಉಜ್ವಲಾ ಎದ್ದು ಹೋಗಿ ಸ್ಟುಡಿಯೊದ ಬಾಗಿಲು ಪೂರ್ತಿ ತೆರೆದಿಟ್ಟಳು.

ಮಧ್ಯಾಹ್ನ ಮಾಳು ಬಂದ. ನಿದ್ದೆಗೆಟ್ಟ ಮುಖ.

“ಅವ್ವ ಅದನ್ನ ನೋಡಿ ‘ನಮ್ಮ ಗಂಗಾ ಬಂದಾಳ’ ಅಂತಾಳ್ರಿ” ಎಂದ.

ಗಂಗಾ ಅವರಿಬ್ಬರಿಗೂ ಅಕ್ಕ. ಮದುವೆ ಗೊತ್ತಾಗಿದ್ದ ವರ್ಷ, ಕೊಡ ಹಿಡಿದು ಹೋದವಳು ಬಾವಿಯಲ್ಲಿ ಬಿದ್ದು ಸತ್ತಿದ್ದಳು. ಆಗ ಮಾಳು ಇನ್ನೂ ಅಂಗನವಾಡಿಗೆ ಹೋಗುತ್ತಿದ್ದ. ಮನೆಯಲ್ಲಿ ಅವಳದೊಂದು ಫೋಟೊ ಕೂಡ ಇಲ್ಲ.

“ಗಂಗಾ ಹಿಂಗ ಓಡತಿದ್ಲು, ಸೆರಗು ಒಂದ್ ಕಡೆ, ಕೈ ಒಂದ್ ಕಡೆ ಅಂತಾಳ. ತಮ್ಮನ್ನ ಕರಕೊಂಡ ಹೋಗಾಕ ಬಂದಿದ್ಲು, ಈಗ ನನ್ನೂ ಕರೀತಾಳ ಅಂತಾಳ. ಹೊತ್ತ ಮುಳುಗೂದಕ್ಕ ಹೋಗಿ ಬಾವಿ ಕಟ್ಟಿ ಮ್ಯಾಲೆ ಕುಂಡರತಾಳ್ರಿ, ಫೋನ್ ಹಿಡ್ಕೊಂಡು. ಒಂದ ಸಮ ಅದನ್ನ ಹಚ್ಚಿ ನೋಡತಾಳ. ನಿನ್ನಿ ನಾ ರಟ್ಟಿ ಹಿಡದ ಎಬ್ಬಿಸಿ ತಂದೆ. ಇವತ್ತ ಎದ್ದು ಬರ್ತಾಳೋ ಇಲ್ಲೋ.”

“ಊಟ?”

“ಎಲ್ಲಿ ಊಟಾರೀ.” ಅವನು ಪರದೆಯ ಕಡೆ ನೋಡದೆ ಕೇಳಿದ, “ಅಕ್ಕಾರ, ಖರೇನ ಅದು ಏನ್ರಿ?”

“ಗೊತ್ತಿಲ್ಲ” ಎಂದಳು ಉಜ್ವಲಾ. ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಕೂಡು, ನೋಡೂಣು.”

ಅವಳು ತಾನೇ ಎಕ್ಸ್‌ಪೋರ್ಟ್ ಮಾಡಿದ ಫೈಲನ್ನು ತೆರೆದು ಒಂದೊಂದೇ ಫ್ರೇಮು ಸರಿಸುತ್ತ ಹೋದಳು. ಆಕೃತಿ ಬಂತು. ಒಬ್ಬಳು, ಇಬ್ಬರು, ಮತ್ತೆ ಒಬ್ಬಳು. ಮಾಳು ಕಣ್ಣು ಮುಚ್ಚಿಕೊಂಡ. ಉಜ್ವಲಾಳ ಕಣ್ಣು ಮಾತ್ರ ಭಯಕ್ಕೆ ಅಲ್ಲಿ ನಿಲ್ಲಲಾರದೆ ಪರದೆಯ ಅಂಚಿಗೆ ಸರಿಯಿತು. ಅಲ್ಲಿ ವಿಶ್ವಾಸ ಡೊಳ್ಳು ಬಾರಿಸುತ್ತಿದ್ದ. ಅವನ ಕೈಯಲ್ಲಿ ಎರಡು ಕೋಲುಗಳಿದ್ದವು.

“ಮಾಳು, ವಿಶ್ವಾಸ ಒಂದ ಕೋಲಿಂದ ಬಾರಸ್ತಾನಲ್ಲ?”

“ಹೂಂ, ಒಂದ ಕೋಲು. ಇನ್ನೊಂದ್ ಕೈ ಬರೀ ಅಂಗೈ.”

“ಹಂಗಾರ ಇಲ್ಲಿ ನೋಡ.”

ಬಲಗೈ ಎರಡಾಗಿತ್ತು, ಕೋಲು ಎರಡಾಗಿತ್ತು, ಎರಡರೊಳಗಿಂದಲೂ ಡೊಳ್ಳಿನ ಚರ್ಮ ಕಾಣುತ್ತಿತ್ತು. ಇನ್ನೊಂದು ಫ್ರೇಮಿಗೆ ಸರಿಸಿದರೆ ಒಂದೇ ಕೋಲು. ಕದಲದೆ ನಿಂತಿದ್ದ ಮಲಕಾರಿಯ ಮೈ ಗಟ್ಟಿಯಾಗಿತ್ತು, ಕೊಟ್ಟಿಗೆಯ ಕಂಬ ಗಟ್ಟಿಯಾಗಿತ್ತು. ಚಲಿಸಿದ್ದೆಲ್ಲ ಎರಡಾಗಿತ್ತು, ನಿಂತಿದ್ದೆಲ್ಲ ಒಂದೇ ಇತ್ತು.

ಅವಳು ಎದೆಯ ಮೇಲೆ ಕೈ ಇಟ್ಟುಕೊಂಡು ಕುರ್ಚಿಗೆ ಒರಗಿದಳು.

“ಬೆಳಕ ಕಡಿಮಿ ಆದಾಗ ಫೋನು ತನ್ನಷ್ಟಕ್ಕ ತಾನ ಫ್ರೇಮ್ ಕಡಿಮಿ ಮಾಡತೈತಿ” ಎಂದಳು ನಿಧಾನವಾಗಿ, ಅವನಿಗೆ ಹೇಳುತ್ತ ತನಗೂ ಹೇಳಿಕೊಳ್ಳುತ್ತ. “ಬೆಳಕಿದ್ದಾಗ ಸೆಕೆಂಡಿಗೆ ಮೂವತ್ತು ಚಿತ್ರ. ಕತ್ತಲಾದಂಗ ಹದಿನೈದಕ್ಕ ಇಳದೈತಿ. ನಾ ಅದನ್ನ ಅರವತ್ತು ಮಾಡು ಅಂದೆ. ಇಲ್ಲದ ಚಿತ್ರ ಎಲ್ಲಿಂದ ತರಬೇಕದು? ಹಿಂದಿಂದು ಮುಂದಿಂದು ಎರಡೂ ಕೂಡಿಸಿ ನಡುವ ಒಂದ್ ಮಾಡೇತಿ. ಓಡಾವ್ರು ಹಿಂದಿನ ಚಿತ್ರದಾಗ ಒಂದ್ ಕಡೆ, ಮುಂದಿನ ಚಿತ್ರದಾಗ ಇನ್ನೊಂದ್ ಕಡೆ. ಕೂಡಿಸಿದ್ರ ಇಬ್ರು, ಇಬ್ರೂ ಅರ್ಧಾ ಅರ್ಧಾ.”

“ಮತ್ತ ಕಾಲು?”

“ಬಿಟ್‌ರೇಟ್ ಕಡಿಮಿ ಇಟ್ಟಿದ್ದೆ. ಅಂದ್ರ ಚಿತ್ರಕ್ಕ ಕೊಟ್ಟ ಜಾಗಾನ ಕಡಿಮಿ. ಜಾಗಾ ಸಾಲದಿದ್ರ ಕತ್ತಲಾಗಿನ ಸಣ್ಣ ಸಣ್ಣ ಸಂಗತಿ ಮೊದಲ ಬಿಟ್ಟ ಬಿಡತೈತಿ. ಕಾಲು ಹುಲ್ಲಿನ ಕತ್ತಲದಾಗ ಇದ್ವು. ತಿಂದೈತಿ.”

ಮಾಳು ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡ. ಆಮೇಲೆ ಕೇಳಿದ: “ಅಂದ್ರ ಓಡಿ ಬಂದಾಕಿ ಯಾರೋ ಅದಾಳ. ಖರೇ ಮನಿಷ್ಯಾಳು.”

ಉಜ್ವಲಾ ಮಲಕಾರಿಯ ಫೋನನ್ನು ವಾಯರಿನಿಂದ ಕಂಪ್ಯೂಟರಿಗೆ ಜೋಡಿಸಿ ಮೂಲ ವಿಡಿಯೊವನ್ನು ಮತ್ತೆ ಇಳಿಸಿಕೊಂಡಳು. ಏರುಪೇರಾಗಿದ್ದ ಫ್ರೇಮುಗಳನ್ನು ಮೊದಲು ಮೂವತ್ತಕ್ಕೆ ಸಮ ಮಾಡಿದಳು. ಇಲ್ಲದಿದ್ದರೆ ದನಿಗೂ ತುಟಿಗೂ ಹೊಂದಾಣಿಕೆ ತಪ್ಪುವ ಸಂಭವವಿತ್ತು. ಕೊರತೆ ಇದ್ದಲ್ಲಿ ಬೆರೆಸದೆ, ಇದ್ದ ಚಿತ್ರವನ್ನೇ ಮತ್ತೊಮ್ಮೆ ತೋರಿಸುವಂತೆ ಹೇಳಿದಳು. ಸ್ವಲ್ಪ ತಡವರಿಸಿದಂತೆ ಕಾಣಬಹುದು, ಕಾಣಲಿ. ರಾಮವ್ವನ ಫೋನಿನಲ್ಲೂ ತೆರೆಯಲೆಂದು ಎಂಪಿಫೋರ್ ಡಬ್ಬಿಯೊಳಗೆ ಈ ಸಲ ಎಚ್.264 ಮಡಿಕೆ, ಧ್ವನಿಗೆ ಎಎಸಿ. ಬಿಟ್‌ರೇಟನ್ನು ಮೇಲಕ್ಕೆ ಎಳೆದಳು. ಚಾನೆಲ್ಲಿನವರು ಹೇಗೂ ಮತ್ತೊಮ್ಮೆ ಹಿಂಡುತ್ತಾರೆ, ಹಿಂಡಿದ್ದನ್ನೇ ಕೊಟ್ಟರೆ ಉಳಿಯುವುದೇನು? ಫೈಲು ಮೊದಲಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಯಿತು.

ಇಬ್ಬರೂ ಅದನ್ನು ನೋಡಿದರು.

ಕಬ್ಬಿನ ಕಡೆಯಿಂದ ಒಬ್ಬ ಹೆಣ್ಣುಮಗಳು ಓಡಿ ಬಂದಳು. ಒಬ್ಬಳೇ. ಓಟದ ರಭಸಕ್ಕೆ ಅಂಚುಗಳು ಮಸುಕಾಗಿದ್ದವು, ಆದರೆ ಕಾಲುಗಳಿದ್ದವು. ಚಪ್ಪಲಿ ಕೈಯಲ್ಲಿದ್ದವು. ಮರದ ಹತ್ತಿರ ನಿಂತು, ಕಾಂಡಕ್ಕೆ ಕೈ ಊರಿ ಉಸಿರು ತೆಗೆದುಕೊಂಡಳು. ಮೊದಲಿನ ಫೈಲಿನಲ್ಲಿ ಕಪ್ಪು ಕಲೆಯಾಗಿದ್ದ ಆ ಜಾಗದಲ್ಲಿ ಅವಳು ನಿಂತೇ ಇದ್ದಳು, ಹಾಡು ಮುಗಿಯುವ ತುಸು ಮೊದಲಿನ ತನಕ. ರಸ್ತೆಯಲ್ಲಿ ಯಾವುದೋ ಟ್ರ್ಯಾಕ್ಟರು ತಿರುಗಿ ಅದರ ಬೆಳಕು ಒಂದು ಕ್ಷಣ ಮರದ ಮೇಲೆ ಹಾಯಿತು. ಮೊದಲಿನ ಫೈಲಿನಲ್ಲಿ ಅಳಿಸಿಹೋಗಿದ್ದ ಮುಖ ಈಗ ಕಂಡಿತು.

“ವೈನಿ” ಎಂದ ಮಾಳು.

ಮಲಕಾರಿಯ ಹೆಂಡತಿ ರಾಜೇಶ್ವರಿ. ಅತ್ತೆಯೊಂದಿಗೆ ಮುನಿಸಿಕೊಂಡು ಸದಲಗಾದ ತವರಿಗೆ ಹೋಗಿ ಅಲ್ಲೇ ಹಾಲಿನ ಡೇರಿಯಲ್ಲಿ ಕೆಲಸಕ್ಕೆ ಸೇರಿದವಳು. ಮಲಕಾರಿ ಸತ್ತ ದಿನ ರಾಮವ್ವ ಅವಳಿಗೆ ಸುದ್ದಿ ಮುಟ್ಟಿಸಗೊಡಲಿಲ್ಲ. ಮಣ್ಣಾದ ಮೇಲೆ ಯಾರಿಂದಲೋ ತಿಳಿದು ಬಂದವಳನ್ನು ಹೊಸ್ತಿಲು ದಾಟಗೊಡಲಿಲ್ಲ. ‘ಅವ ಜೀವಂತ ಇದ್ದಾಗ ಒಂದ ಸಲ ಹಣಕಿ ಹಾಕಲಿಲ್ಲ, ಈಗ ಯಾಕ ಬಂದಿ?’ ಎಂದು ಕೇಳಿದ್ದಳು. ರಾಜೇಶ್ವರಿ ಉತ್ತರ ಕೊಡದೆ ಹಿಂತಿರುಗಿದ್ದಳು.

ಮಾಳು ಅಲ್ಲಿಂದಲೇ ಅವಳಿಗೆ ಫೋನು ಹಚ್ಚಿದ. ಉಜ್ವಲಾಳಿಗೂ ಕೇಳುತ್ತಿತ್ತು.

“ಹೌದು ಮಾಳು, ಬಂದಿದ್ದೆ” ಎಂದಳು ಆ ಕಡೆಯವಳು. “ಅವರ ನನಗ ಫೋನ್ ಮಾಡಿದ್ರು. ಹೊಸಾ ಪದ ಕಟ್ಟೀನಿ, ದೂರ ನಿಂತರ ಕೇಳಿ ಹೋಗ ಅಂದ್ರು. ಬಸ್ ತಡಾ ಆತು. ಮುಗದ ಹೋದೀತು ಅಂತ ರಸ್ತಾದಿಂದ ಓಡಿ ಬಂದೆ. ಅವರು ನನ್ನ ನೋಡಿದ್ರು. ಆ ಸಾಲು ಮತ್ತ ಹಾಡಿದ್ರು, ನನಗ ಕೇಳ್ಲಿ ಅಂತ. ಅತ್ತಿಯಾರು ಅಂಗಳದಾಗ ಕುಂತಿದ್ರು, ಅವರು ಏಳೂದರಾಗ ಹೊಂಟ ಹೋದೆ.”

“ಅವತ್ತ ಬಾಗಲದಾಗ ಯಾಕ ಹೇಳಲಿಲ್ಲ ವೈನಿ?”

“ಏನಂತ ಹೇಳ್ಲಿ? ನಂಬಾವ್ರು ಯಾರಿದ್ರು?”

ಸಂಜೆಗೆ ಉಜ್ವಲಾ ಮಾಳುವಿನ ಬೈಕಿನಲ್ಲಿ ತೋಟಕ್ಕೆ ಹೋದಳು. ಹೊಸ ಫೈಲು ಅವಳ ಫೋನಿನಲ್ಲಿತ್ತು. ಹೊತ್ತು ಇನ್ನೂ ಪೂರ್ತಿ ಮುಳುಗಿರಲಿಲ್ಲ. ರಾಮವ್ವ ಬಾವಿಯ ಕಟ್ಟೆಯ ಮೇಲೆ, ಕಾಲು ಒಳಗಡೆ ಇಳಿಬಿಟ್ಟು ಕೂತಿದ್ದಳು. ಮಡಿಲಲ್ಲಿ ಫೋನು ಹಾಡುತ್ತಿತ್ತು. ಮಗನ ದನಿ ಬಾವಿಯೊಳಗೆ ಇಳಿದು, ಕೆಳಗಿನಿಂದ ಬೇರೊಬ್ಬರು ಹಾಡಿದಂತೆ ಮೇಲೆ ಬರುತ್ತಿತ್ತು. ಮಾಳು ಹೆಜ್ಜೆ ಸಪ್ಪಳವಾಗದಂತೆ ಹಿಂದಿನಿಂದ ಹೋಗಿ ಅವ್ವನ ತೋಳು ಹಿಡಿದ.

“ಬಿಡೋ, ಆಕಿ ಬರೂ ಹೊತ್ತಾತು” ಎಂದಳು ರಾಮವ್ವ.

“ಆಯಿ, ಒಂದ್ ಸಲ ಇದನ್ನ ನೋಡ್ರಿ. ನಾ ಮೊದಲ ಹಾಕಿದ್ದು ಸರಿ ಇರಲಿಲ್ಲ” ಎಂದು ಉಜ್ವಲಾ ಪಕ್ಕದಲ್ಲಿ ಕೂತು, ಫೋನನ್ನು ಹತ್ತಿರ ಹಿಡಿದಳು.

ಮುದುಕಿ ನೋಡಿದಳು. ಆಕೃತಿ ಬರುವ ಹೊತ್ತಿಗೆ ಅವಳ ತುಟಿಗಳು ‘ಗಂಗಾ’ ಎನ್ನಲು ತೆರೆದವು. ಕಾಲು ಕಂಡಿತು, ಚಪ್ಪಲಿ ಕಂಡಿತು, ಟ್ರ್ಯಾಕ್ಟರಿನ ಬೆಳಕು ಹಾಯಿತು, ಮುಖ ಕಂಡಿತು. ತುಟಿಗಳು ಹಾಗೆಯೇ ನಿಂತವು.

“ಮತ್ತ ಹಚ್ಚ” ಎಂದಳು. ನೋಡಿದಳು. “ಮತ್ತ” ಎಂದಳು.

ಆಮೇಲೆ ಉಜ್ವಲಾಳ ಕಡೆ ತಿರುಗಿದ ಕಣ್ಣುಗಳಲ್ಲಿ ಸಮಾಧಾನವಿರಲಿಲ್ಲ.

“ನನ್ನ ಮಗಳನ್ನ ಎಲ್ಲಿ ಕಳದಿ?”

“ಆಯಿ, ಅಲ್ಲಿ ಗಂಗಾಕ್ಕ ಇರಲೇ ಇಲ್ಲರಿ. ರಾಜೇಶ್ವರಿ ಬಂದಿದ್ಲು, ಗಂಡನ ಹಾಡು ಕೇಳಾಕ...”

“ಎಷ್ಟ್ ವರ್ಷದ ಮ್ಯಾಲೆ ನನ್ನ ಕೂಸನ್ನ ನೋಡಿದ್ದೆ. ಒಂದ ಫೋಟೋ ಇಲ್ಲ ನನ್ನ ಹಂತೇಲಿ. ಆಕಿ ನಡೀದು ಹೆಂಗಿತ್ತು, ಓಡೂದು ಹೆಂಗಿತ್ತು ಅಂಬೂದು ಮರತ ಹೋಗಿತ್ತ. ನೀ ತೋರಿಸಿದಿ. ಈಗ ನೀನ ಕಳದಿ.”

ಉಜ್ವಲಾ ಫೋನು ಕೆಳಗಿಳಿಸಿದಳು. ತಾನು ಸರಿ ಮಾಡಿದ್ದು ಒಂದು ವಿಡಿಯೊವನ್ನು ಎಂದುಕೊಂಡು ಬಂದಿದ್ದಳು. ಈ ಮುದುಕಿಯ ಪಾಲಿಗೆ ಅದು ಒಂದು ಸಾವಾಗಿತ್ತು, ಎರಡನೆಯ ಸಾವು. ರಾಮವ್ವ ಅಳಲಿಲ್ಲ. ಕಾಲನ್ನು ಬಾವಿಯಿಂದ ಈಚೆ ತೆಗೆದುಕೊಂಡಳು, ಮಾಳುವಿನ ಹೆಗಲ ಮೇಲೆ ಕೈ ಹಾಕಿ ಎದ್ದಳು. ಮನೆಯ ಬಾಗಿಲಲ್ಲಿ ನಿಂತು, ಒಳಗೆ ಹೋಗುವ ಮುನ್ನ ಯಾರ ಕಡೆಯೂ ನೋಡದೆ ಹೇಳಿದಳು:

“ಮರದ ತನ ಬಂದಾಕಿ ಅಂಗಳದ ತನ ಬರಲಿಲ್ಲಲ್ಲ. ನಾ ಕುಂತಿದ್ದೆ ಅಂತ ಬರಲಿಲ್ಲ. ಹೌದಿಲ್ಲ?”

ಮಾಳು ಬಾಗಿಲ ದೀಪ ಹಚ್ಚಿದ.

“ಕರಿ ಆಕಿನ್ನ” ಎಂದಳು.

ಹಳೆಯ ವಿಡಿಯೊವನ್ನು ಉಜ್ವಲಾ ಆ ರಾತ್ರಿಯೇ ತೆಗೆದುಹಾಕಿ ಹೊಸದನ್ನು ಏರಿಸಿದಳು. ಕಾಲಿಲ್ಲದವಳನ್ನು ನೋಡಲು ಬಂದವರು ಕಾಲು ಕಂಡು ಹೊರಟುಹೋದರು. ಹಾಡು ಕೇಳುವವರು ಉಳಿದರು. ರಾಜೇಶ್ವರಿ ಬಂದಳು, ಒಂದು ವಾರಕ್ಕೆಂದು ಬಂದವಳು ಹಿಂತಿರುಗಲಿಲ್ಲ. ಡೇರಿಯ ಕೆಲಸ ಬಿಟ್ಟು ಚಿಂಚಲಿಯಲ್ಲೇ ಬೇರೆ ಕೆಲಸ ನೋಡಿಕೊಂಡಳು ಎಂದು ಮಾಳು ಹೇಳಿದ.

ಮಳೆಗಾಲ ಕಳೆದು ಮೇಳದ ಹೊಸ ಹಾಡು ಚಿತ್ರೀಕರಿಸಲು ಉಜ್ವಲಾ ಕ್ಯಾಮೆರಾ ಹೊತ್ತು ಆ ತೋಟಕ್ಕೆ ಹೋದಳು. ಈಗ ನಡುವೆ ನಿಂತು ಹಾಡುವವನು ಮಾಳು. ಕೆಲಸ ಮುಗಿಸಿ ನೀರು ಕುಡಿಯಲು ಮನೆಯೊಳಗೆ ಕಾಲಿಟ್ಟವಳು ಹೊಸ್ತಿಲಲ್ಲೇ ನಿಂತಳು.

ಕತ್ತಲು ಕವಿದ ಪಡಸಾಲೆಯಲ್ಲಿ ಅತ್ತೆ ಸೊಸೆ ಗೋಡೆಗೆ ಒರಗಿ ಕೂತಿದ್ದರು. ರಾಮವ್ವನ ಕೈಯಲ್ಲಿದ್ದುದು ಈಗ ಮಲಕಾರಿಯ ಫೋನು. ಅದರಲ್ಲಿ ಓಡುತ್ತಿದ್ದುದು ಮೊದಲಿನ ಫೈಲು, ಚಾನೆಲ್ಲಿನಲ್ಲಿ ಈಗ ಇಲ್ಲದ್ದು. ಮಾಳುವಿಗೆ ಕಳಿಸಿದ್ದು ಅವರಲ್ಲಿ ಉಳಿದುಕೊಂಡಿತ್ತು. ಪರದೆಯ ಬೆಳಕು ಇಬ್ಬರ ಮುಖದ ಮೇಲೂ ಬಿದ್ದಿತ್ತು.

“ನೋಡ, ನೋಡ, ಈಗ ಬರ್ತಾಳ ನಮ್ಮ ಗಂಗಾ” ಎಂದಳು ರಾಮವ್ವ. ಎಲ್ಲ ತಿಳಿದವಳ ದನಿ ಅದು, ಮರುಳರ ದನಿಯಲ್ಲ. “ಹೆಂಗ ಓಡತಾಳ ನೋಡ.”

ಪಾರದರ್ಶಕ ಮೈಯವಳು, ಕಾಲಿಲ್ಲದವಳು, ಒಬ್ಬಳಿಂದ ಇಬ್ಬರಾಗುತ್ತ ಕಬ್ಬಿನಿಂದ ಹೊರಬಂದಳು. ರಾಜೇಶ್ವರಿ ತನ್ನನ್ನೇ ನೋಡುತ್ತಿದ್ದಳು. ಗಂಡ ಕಣ್ಣು ತೆರೆದು ತನ್ನ ಕಡೆ ತಿರುಗುವುದನ್ನು, ತನಗಾಗಿ ಮತ್ತೊಮ್ಮೆ ಹಾಡುವುದನ್ನು ನೋಡುತ್ತಿದ್ದಳು.

“ಹೌದ್ರಿ ಅತ್ತಿ” ಎಂದಳು, ಮುದುಕಿಯ ಹೆಗಲಿಗೆ ಸೆರಗು ಹೊದಿಸುತ್ತ. “ಗಂಗಾಕ್ಕಾರ ಬಂದ್ರು.”

ಉಜ್ವಲಾ ನೀರು ಕೇಳಲಿಲ್ಲ. ಅಂಗಳಕ್ಕೆ ಮರಳಿ ಕ್ಯಾಮೆರಾ ಚೀಲಕ್ಕೆ ತುಂಬುತ್ತ ಒಮ್ಮೆ ಬೇವಿನ ಮರದ ಕಡೆ ನೋಡಿದಳು. ಕತ್ತಲು ಇಳಿಯುತ್ತಿತ್ತು. ಕಬ್ಬು ಗಾಳಿಗೆ ಅಲುಗುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ. ಹಾಗೆಂದು ಗೊತ್ತಿದ್ದರೂ, ಬೈಕು ರಸ್ತೆ ಮುಟ್ಟುವ ತನಕ ಅವಳು ಹಿಂತಿರುಗಿ ನೋಡಲಿಲ್ಲ.